ಗ್ರಂಥ, ಗಾಯ ಮತ್ತು ರುಜುವಾತಿನ ಹೊಣೆ

‘ಧರ್ಮಕಾರಣ’ ಕಾದಂಬರಿಯನ್ನು ಓದಬೇಕೆಂದು ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ಕೇಳಿದಾಗ, ಅದರ ಕುರಿತ ತೀರ್ಪನ್ನು ಮೊದಲು ಓದು ಎಂದೆ. ಪಿ.ವಿ. ನಾರಾಯಣರ ಈ ಕೃತಿ ಅಕಾಡೆಮಿಯ ಪ್ರಶಸ್ತಿ ಪಡೆದದ್ದು. ಅಕ್ಕನಾಗಮ್ಮ ಹಾಗೂ ಚೆನ್ನಬಸವಣ್ಣನ ಜನನದ ಚಿತ್ರಣದಿಂದ ಶರಣರ ಅನುಯಾಯಿಗಳು ನೊಂದರು. ಸರ್ಕಾರ 1997ರಲ್ಲಿ ಪ್ರತಿಗಳನ್ನು ಮುಟ್ಟುಗೋಲು ಹಾಕಿತು. ಬರಗೂರು ರಾಮಚಂದ್ರಪ್ಪನವರು ಪ್ರಶ್ನಿಸಿದರು. ಹೈಕೋರ್ಟಿನಲ್ಲಿ ನಿಂತ ಆದೇಶ 2007ರಲ್ಲಿ ಸುಪ್ರೀಂ ಕೋರ್ಟಿನಲ್ಲಿಯೂ ನಿಂತಿತು.

ಭಕ್ತರ ನೋವು ಹುಸಿಯೆಂದು ನಾನು ಹೇಳಲಾರೆ. ನನ್ನ ತಕರಾರು ಬೇರೆ. ಭಾರತೀಯ ದಂಡಸಂಹಿತೆಯ 295ಎ ಕಲಮು 1927ರಲ್ಲಿ ಬಂದಾಗ, ಬುದ್ಧಿಪೂರ್ವಕವೂ ದುರುದ್ದೇಶಪೂರಿತವೂ ಆದ ಅವಮಾನವನ್ನು ಮಾತ್ರ ಅಪರಾಧವೆಂದಿತು. (ಈಗ ಅದು ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮು.) ಅಂದರೆ ಲೇಖಕನ ಉದ್ದೇಶ ಸಾಬೀತಾಗಬೇಕು. ಆದರೆ ಪುಸ್ತಕದ ಮುಟ್ಟುಗೋಲಿಗೆ ಬೇರೆಯೇ ದಾರಿ. ಹಿಂದಿನ ದಂಡಪ್ರಕ್ರಿಯಾ ಸಂಹಿತೆಯ 95ನೆಯ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೆಯ ಕಲಮಿನಂತೆ, ಅಪರಾಧವಾಗಬಲ್ಲ ಬರಹವೆಂದು ಸರ್ಕಾರಕ್ಕೆ ಕಂಡರೆ ಸಾಕು. ಕಾರಣ ತಿಳಿಸಿ ಅಧಿಸೂಚನೆ ಹೊರಡಿಸಬಹುದು. ಬಾಧಿತನು ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಬೇಕು. ಸರ್ಕಾರದ ಆ ಅಭಿಪ್ರಾಯವನ್ನು ಅಲ್ಲಗಳೆಯುವ ಹೊಣೆ ಅರ್ಜಿದಾರನದೇ, ಉದ್ದೇಶವನ್ನು ಕೃತಿಯ ಭಾಷೆಯಿಂದಲೇ ಗ್ರಹಿಸಬೇಕು ಎಂದಿತು ತೀರ್ಪು. ಹೀಗೆ ಆರೋಪಿಯಿಲ್ಲದ ಮೊಕದ್ದಮೆಯಲ್ಲಿ ಕೃತಿಯೇ ತನ್ನ ನಿರಪರಾಧವನ್ನು ಸಿದ್ಧಪಡಿಸಬೇಕಾಯಿತು.

ಇಂಗ್ಲೆಂಡಿನಲ್ಲಿ ಧರ್ಮನಿಂದೆಯ ಹಳೆಯ ಅಪರಾಧವು ಕ್ರೈಸ್ತ ಮತವನ್ನು, ವಿಶೇಷವಾಗಿ ಅಲ್ಲಿನ ಅಧಿಕೃತ ಚರ್ಚಿನ ನಂಬಿಕೆಯನ್ನು, ಮಾತ್ರ ಕಾಯುತ್ತಿತ್ತು. ರಶ್ದಿಯವರ ಕೃತಿಯ ವಿರುದ್ಧ ಮುಸ್ಲಿಮರು ಅದನ್ನು ಬಳಸಲು ಯತ್ನಿಸಿದಾಗ ನ್ಯಾಯಾಲಯ ಒಪ್ಪಲಿಲ್ಲ. 2008ರಲ್ಲಿ ಆ ಅಪರಾಧವನ್ನೇ ತೆಗೆದುಹಾಕಿದರು. ಅದಕ್ಕೂ ಮೊದಲೇ, 2006ರಲ್ಲಿ, ಮತದ ಆಧಾರದ ಮೇಲೆ ಜನರ ವಿರುದ್ಧ ದ್ವೇಷ ಕೆರಳಿಸುವುದನ್ನು ತಡೆವ ಕಾಯಿದೆಯಾಗಿತ್ತು. ಅದಕ್ಕೆ ಬೆದರಿಕೆಯ ಮಾತೂ ಬೇಕು, ದ್ವೇಷ ಕೆರಳಿಸುವ ಉದ್ದೇಶವೂ ಬೇಕು; ಮತದ ಟೀಕೆ, ಅಪಹಾಸ್ಯಗಳನ್ನು ಅದು ಸ್ಪಷ್ಟವಾಗಿಯೇ ಹೊರಗಿಟ್ಟಿತು. ಕಾಯುವ ವಸ್ತು ಬದಲಾಯಿತು: ನಂಬಿಕೆಯ ಬದಲು ನಂಬುವವರು.

ನಮ್ಮಲ್ಲಿಯೂ ಈ ಭೇದ ತಿಳಿಯದ್ದೇನಲ್ಲ. 1368ರ ಶ್ರವಣಬೆಳಗೊಳದ ಶಾಸನದಲ್ಲಿ ಜೈನರು ಶ್ರೀವೈಷ್ಣವರ ಕಿರುಕುಳವನ್ನು ಬುಕ್ಕರಾಯನಿಗೆ ದೂರುತ್ತಾರೆ. ಅರಸ ಯಾವ ಮಾತನ್ನೂ ಯಾವ ಗ್ರಂಥವನ್ನೂ ನಿಷೇಧಿಸಲಿಲ್ಲ. ಪಂಚಮಹಾವಾದ್ಯ, ಕಲಶಗಳ ಹಕ್ಕನ್ನು ಜೈನರಿಗೆ ಸ್ಥಿರಪಡಿಸಿ, ಅದರ ರಕ್ಷಣೆಯನ್ನು ಶ್ರೀವೈಷ್ಣವರಿಗೇ ವಹಿಸಿದ. ಜೈನರ ಮನೆಗೊಂದು ಹಣದಂತೆ ಕೂಡಿಸಿ ಬೆಳಗೊಳದಲ್ಲಿ ಇಪ್ಪತ್ತು ಮಂದಿ ಕಾವಲಿನವರನ್ನಿರಿಸುವುದು, ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಸುವುದು. (ಕಾವಲಿನ ಖರ್ಚು ಪೀಡಿತರ ಮೇಲೆಯೇ ಬಿತ್ತೆಂಬುದನ್ನು ಪ್ರಶಂಸಕರು ಮರೆಯುತ್ತಾರೆ.)

ನಮ್ಮ ಕಾನೂನು ತಿದ್ದಬೇಕಾದದ್ದು ಇಲ್ಲಿ: ಪುಸ್ತಕವನ್ನು ಮುಟ್ಟುಗೋಲು ಹಾಕುವ ಸರ್ಕಾರವೇ ದುರುದ್ದೇಶವನ್ನು ನ್ಯಾಯಾಲಯದಲ್ಲಿ ರುಜುವಾತುಪಡಿಸಬೇಕು, ಅಲ್ಲಿಯವರೆಗೆ ಪುಸ್ತಕ ಗ್ರಂಥಾಲಯದ ಕಪಾಟಿನಲ್ಲಿರಲಿ.