ಅಧ್ಯಯನ ರಜೆ: ವಿನಂತಿಗಿಂತ ವಾದ ಮುಖ್ಯ

ಕೇಂದ್ರ ಸರ್ಕಾರಿ ನೌಕರರ ಅಧ್ಯಯನ ರಜೆಯ ಅರ್ಜಿಗಳಲ್ಲಿ ಒಂದು ಸಾಲು ಹೆಚ್ಚುಕಡಿಮೆ ಖಾಯಂ: 'ಉನ್ನತ ವ್ಯಾಸಂಗದ ನನ್ನ ಬಹುದಿನಗಳ ಆಸೆಯನ್ನು ಪರಿಗಣಿಸಿ ದಯಮಾಡಿ ರಜೆ ಮಂಜೂರು ಮಾಡಬೇಕು.' ವಿನಯಕ್ಕೇನೂ ಕೊರತೆಯಿಲ್ಲ. ಆದರೆ ಕಡತಕ್ಕೆ ಟಿಪ್ಪಣಿ ಬರೆಯುವ ಗುಮಾಸ್ತರಿಗೆ ಈ ಸಾಲಿನಿಂದ ಏನೂ ಸಿಗುವುದಿಲ್ಲ. ಅರ್ಜಿದಾರರ ಆಸೆ ಎಷ್ಟು ಹಳೆಯದು ಎಂದು ನಿಯಮ ಕೇಳುವುದೇ ಇಲ್ಲ.

1972ರ ಕೇಂದ್ರ ನಾಗರಿಕ ಸೇವಾ (ರಜೆ) ನಿಯಮಗಳು ಕೇಳುವುದು ಬೇರೆ. 50ನೇ ನಿಯಮದ ಪ್ರಕಾರ, ನೌಕರರು ಓದಲು ಹೊರಟ ವಿಷಯಕ್ಕೂ ಅವರು ಮಾಡುತ್ತಿರುವ ಕೆಲಸಕ್ಕೂ ನೇರವಾದ, ನಿಕಟವಾದ ಸಂಬಂಧ ಇರಬೇಕು. ಕನಿಷ್ಠ ಐದು ವರ್ಷ ಸೇವೆ ಆಗಿರಬೇಕು. ನೌಕರರ ದೃಷ್ಟಿಯನ್ನು ವಿಶಾಲಗೊಳಿಸಿ ಆಡಳಿತಕ್ಕೆ ನೆರವಾಗುವ ಓದಿಗೂ ಅವಕಾಶವಿದೆ. ಆದರೆ ಅದೊಂದನ್ನೇ ನೆಚ್ಚಿಕೊಂಡ ಅರ್ಜಿ ಬಲಹೀನ. ಎರಡು ವರ್ಷ ಕುರ್ಚಿ ಖಾಲಿ ಬಿಡಲು ಯಾವ ಮೇಲಧಿಕಾರಿಯೂ ಅಷ್ಟಕ್ಕೇ ಒಪ್ಪುವುದಿಲ್ಲ.

ನಿಜವಾದ ತೊಡಕು ಅವಧಿಯದು. ಇಡೀ ಸೇವೆಯಲ್ಲಿ ಒಟ್ಟು 24 ತಿಂಗಳು ಸಿಗುತ್ತದೆ, ಆದರೆ ಒಂದು ಬಾರಿಗೆ ಸಾಮಾನ್ಯವಾಗಿ 12 ತಿಂಗಳು ಮಾತ್ರ. ಎಂ.ಟೆಕ್.ಗೆ ನಾಲ್ಕು ಸೆಮಿಸ್ಟರ್. ಅಂದರೆ ದೀರ್ಘ ರಜೆ ಕೇಳುವವರು 'ಸಾಮಾನ್ಯವಾಗಿ' ಎಂಬ ಆ ಒಂದು ಪದದಾಚೆಗೆ ಹೋಗಲು ಕಾರಣ ಕೊಡಲೇಬೇಕು. ಬಹುಪಾಲು ಅರ್ಜಿಗಳು ಇದನ್ನು ಗಮನಿಸದೆ ನೇರವಾಗಿ '24 ತಿಂಗಳ ರಜೆ' ಎಂದು ಬರೆದುಬಿಡುತ್ತವೆ. ಕಡತ ಆಕ್ಷೇಪಣೆಯೊಂದಿಗೆ ವಾಪಸು ಬರುತ್ತದೆ.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಅಂತರ್ಜಲದ ಸಮೀಕ್ಷೆ ನಡೆಸುವ ಕೇಂದ್ರ ಕಚೇರಿಯೊಂದರಲ್ಲಿ ಎಂಟು ವರ್ಷ ಸೇವೆಯಾದ ಅಧಿಕಾರಿಗೆ ಜಲಸಂಪನ್ಮೂಲ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಸೀಟು ಸಿಕ್ಕಿದೆ. ಅರ್ಜಿ ಇಂಗ್ಲಿಷ್‌ನಲ್ಲೋ ಹಿಂದಿಯಲ್ಲೋ ಹೋಗುತ್ತದೆ. ಅದರ ತಿರುಳು ಕನ್ನಡದಲ್ಲಿ ಹೀಗಿರಬಹುದು:

'ಕೊಳವೆಬಾವಿಗಳ ನೀರಿನ ಮಟ್ಟದ ದಾಖಲೆಗಳನ್ನು ವಿಶ್ಲೇಷಿಸುವುದು ನನಗೆ ವಹಿಸಿರುವ ಕೆಲಸ. ಅಂತರ್ಜಲ ಹರಿವಿನ ಮಾದರಿ ರೂಪಿಸುವ ಕೆಲಸವನ್ನು ಸದ್ಯ ಹೊರಗಿನ ತಜ್ಞರಿಂದ ಮಾಡಿಸಲಾಗುತ್ತಿದೆ. ಲಗತ್ತಿಸಿರುವ ಪಠ್ಯಕ್ರಮದ ಎರಡನೇ ಸೆಮಿಸ್ಟರಿನಲ್ಲಿ ಇದೇ ವಿಷಯವಿದೆ. ಮೂರು ಮತ್ತು ನಾಲ್ಕನೇ ಸೆಮಿಸ್ಟರಿನ ಪ್ರಬಂಧಕ್ಕೆ ಸಂಸ್ಥೆಯಲ್ಲೇ ಇರುವುದು ಕಡ್ಡಾಯವಾದ್ದರಿಂದ ವ್ಯಾಸಂಗವನ್ನು ಎರಡು ಭಾಗ ಮಾಡಲು ಆಗದು. ಸಂಸ್ಥೆಯ ಪತ್ರ ಲಗತ್ತಿಸಿದೆ. ಆದ್ದರಿಂದ ಎರಡೂ ವರ್ಷಗಳ ರಜೆಯನ್ನು ಒಟ್ಟಿಗೆ ಮಂಜೂರು ಮಾಡಬೇಕೆಂದು ಕೋರುತ್ತೇನೆ.'

ಇಲ್ಲಿ ಬೇಡಿಕೊಳ್ಳುವ ಮಾತಿಲ್ಲ. ಟಿಪ್ಪಣಿ ಬರೆಯುವವರು ಈ ಸಾಲುಗಳನ್ನೇ ಎತ್ತಿ ಕಡತಕ್ಕೆ ಹಾಕಿಕೊಳ್ಳಬಹುದು. ಕಚೇರಿ ಪತ್ರದ ಮನವೊಲಿಕೆ ಅಂದರೆ ಇದೇ: ಸಹಿ ಹಾಕುವವರಿಗೆ, ನಾಳೆ ಲೆಕ್ಕಪರಿಶೋಧನೆಯವರು ಕೇಳಿದರೆ ತೋರಿಸಬಹುದಾದ ಕಾರಣವನ್ನು ಕೈಗೆ ಕೊಡುವುದು.

ಇನ್ನೊಂದು ಪ್ಯಾರಾ ಖಾಲಿ ಕುರ್ಚಿಯದು. ತನ್ನ ಕೆಲಸ ಯಾರಿಗೆ ಹಂಚಬಹುದು, ಬಾಕಿ ವರದಿಗಳನ್ನು ಯಾವ ದಿನಾಂಕದೊಳಗೆ ಮುಗಿಸಿಕೊಡುತ್ತೇನೆ ಎಂದು ಅರ್ಜಿದಾರರೇ ಹೇಳಬೇಕು. ನಿಯಮ ಇದನ್ನು ಕೇಳುವುದಿಲ್ಲ, ಮೇಲಧಿಕಾರಿ ಖಂಡಿತ ಕೇಳುತ್ತಾರೆ. ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ ಎಂದು 7ನೇ ನಿಯಮ ಹೇಳುತ್ತದೆ. ಸಾರ್ವಜನಿಕ ಸೇವೆಯ ಅಗತ್ಯವೆಂಬ ಕಾರಣ ಕೊಟ್ಟು ನಿರಾಕರಿಸಲು ಅವರಿಗೆ ಅಧಿಕಾರವಿದೆ.

ಮುಚ್ಚಳಿಕೆಯ ಮಾತನ್ನು ಕೊನೆಯಲ್ಲಿ ಅಂಜುತ್ತಾ ಸೇರಿಸುವವರಿದ್ದಾರೆ. ಅದನ್ನು ಮುಂದಕ್ಕೇ ತರುವುದು ಜಾಣತನ. ಭಾರತದೊಳಗಿನ ಓದಿಗೂ ರಜೆಯಲ್ಲಿ ವೇತನ, ತುಟ್ಟಿಭತ್ಯೆ ಸಿಗುತ್ತವೆ. ವಿದ್ಯಾರ್ಥಿವೇತನವಾಗಲಿ ಅರೆಕಾಲಿಕ ಸಂಪಾದನೆಯಾಗಲಿ ಇಲ್ಲವೆಂದು ದೃಢೀಕರಿಸಬೇಕು, ಇದ್ದರೆ ಅದು ರಜೆ ಸಂಬಳದಲ್ಲಿ ಹೊಂದಾಣಿಕೆಯಾಗುತ್ತದೆ. ಶುಲ್ಕ ಸಾಮಾನ್ಯವಾಗಿ ನೌಕರರದೇ. ಮರಳಿ ಬಂದ ಮೂರು ವರ್ಷದೊಳಗೆ ರಾಜೀನಾಮೆ ಕೊಟ್ಟರೆ, ಅಥವಾ ಓದನ್ನೇ ಪೂರ್ಣಗೊಳಿಸದಿದ್ದರೆ, ಪಡೆದ ರಜೆ ಸಂಬಳವನ್ನು ಬಡ್ಡಿಸಮೇತ ಹಿಂದಿರುಗಿಸಬೇಕು. ಹೀಗಾಗಿ ಸರ್ಕಾರ ಕೊಡುತ್ತಿರುವುದು ದಾನವಲ್ಲ, ಷರತ್ತಿನ ಹೂಡಿಕೆ. ಷರತ್ತು ಗೊತ್ತಿದೆ, ಒಪ್ಪಿದ್ದೇನೆ ಎಂದು ತಾನಾಗಿ ಬರೆದವರ ಮೇಲೆ ನಂಬಿಕೆ ಮೂಡುತ್ತದೆ.

ಇಷ್ಟೆಲ್ಲ ಸರಿಯಾಗಿ ಬರೆದ ಅರ್ಜಿಯೂ ಸೋಲುವ ಜಾಗವೊಂದಿದೆ, ಅಲ್ಲಿ ತಪ್ಪು ನೌಕರರದಲ್ಲ. ಒಪ್ಪಿಗೆ ಬರುವ ಮೊದಲೇ ಓದು ಶುರುಮಾಡಿದರೆ, ಖರ್ಚು ಮಾಡಿದರೆ, ಅದರ ಹೊಣೆ ಅವರದೇ ಎನ್ನುತ್ತದೆ ನಿಯಮ. ಸಂಸ್ಥೆಗಳೋ ಶುಲ್ಕ ಕಟ್ಟಲು ಕೊಡುವುದು ಕೆಲವೇ ದಿನ. ಕಡತ ಮೇಜಿನಿಂದ ಮೇಜಿಗೆ ಸಾಗುವಷ್ಟರಲ್ಲಿ ಸೀಟು ಬೇರೆಯವರ ಪಾಲಾಗಿರುತ್ತದೆ. ನಿರಾಕರಿಸಿದ ಆದೇಶವಾದರೂ ಇದ್ದರೆ ಪ್ರಶ್ನಿಸಬಹುದು. ತಡವಾದ ಕಡತವನ್ನು ಪ್ರಶ್ನಿಸುವುದು ಹೇಗೆ? ಪ್ರವೇಶ ಪತ್ರದಲ್ಲಿರುವ ಕೊನೆಯ ದಿನಾಂಕವನ್ನು ಅರ್ಜಿಯ ವಿಷಯದ ಸಾಲಿನಲ್ಲೇ ನೌಕರರು ಬರೆಯಲಿ. ಆ ದಿನಾಂಕದೊಳಗೆ ಹೌದು ಅಥವಾ ಇಲ್ಲ ಎಂದು, ಕಾರಣಸಹಿತ ಲಿಖಿತವಾಗಿ ತಿಳಿಸುವುದನ್ನು ಇಲಾಖೆಗಳು ಕಡ್ಡಾಯ ಮಾಡಿಕೊಳ್ಳಬೇಕು.