ಬರೀ ‘ಹಲೋ’ ಅಂತ ಬಂದಾಗ

ಫೆಬ್ರವರಿ ಬಂತೆಂದರೆ ಮುಂಬಯಿಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿರುವ ಮನೆಗಳಲ್ಲಿ ಟೀವಿಯ ಸದ್ದು ಇಳಿಯುತ್ತದೆ. ಸಂಜೆ ಹೊತ್ತು ಅಕ್ಕಪಕ್ಕದ ಮಕ್ಕಳಿಗೆ ಗಣಿತ ಹೇಳಿಕೊಡುವ ನನ್ನಂಥವರ ಫೋನಿಗೆ ಆಗ ಒಂದು ಬಗೆಯ ಮೆಸೇಜು ಬರತೊಡಗುತ್ತದೆ. ರಾತ್ರಿ ಹತ್ತೂವರೆಗೋ ಹನ್ನೊಂದಕ್ಕೋ, ‘ಹಲೋ ಆಂಟಿ’ ಅಂತ. ಅಷ್ಟೇ. ಅದರ ಹಿಂದೆ ಪ್ರಶ್ನೆಯಿಲ್ಲ, ಲೆಕ್ಕದ ಫೋಟೋ ಇಲ್ಲ.

ಇದಕ್ಕೆ ದೊಡ್ಡವರ ಕೈ ತಾನಾಗಿಯೇ ಬರೆಯುವ ಉತ್ತರ ಒಂದಿದೆ: ‘ಎಷ್ಟು ಚಾಪ್ಟರ್ ಮುಗೀತು? ಏನು ಡೌಟು ಹೇಳು.’ ಉದ್ದೇಶ ಒಳ್ಳೆಯದೇ. ಆದರೆ ದಿನವಿಡೀ ಮನೆಯಲ್ಲಿ, ಕ್ಲಾಸಿನಲ್ಲಿ, ಲಿಫ್ಟಿನಲ್ಲಿ ಸಿಕ್ಕವರ ಬಾಯಲ್ಲಿ ಇದೇ ಪ್ರಶ್ನೆ ಕೇಳಿದ ಮಗು ಮತ್ತೊಂದು ಲೆಕ್ಕ ಒಪ್ಪಿಸಲಿಕ್ಕೆಂದು ಹಲೋ ಹೇಳಿರುವುದಿಲ್ಲ. ‘ಏನಿಲ್ಲ ಆಂಟಿ, ಗುಡ್ ನೈಟ್’ ಎಂದು ಬರೆದು ಸುಮ್ಮನಾಗುತ್ತದೆ. ಅದು ಸುಸ್ತಾಗಿತ್ತೋ, ಹೆದರಿತ್ತೋ, ನಿಜವಾಗಿಯೂ ಒಂದು ಲೆಕ್ಕದಲ್ಲಿ ಸಿಕ್ಕಿಕೊಂಡಿತ್ತೋ ನಮಗೆ ಗೊತ್ತಾಗುವುದೇ ಇಲ್ಲ.

ಹಲೋಗೆ ಮೊದಲು ಹಲೋ ಎಂದೇ ಹೇಳಬೇಕು. ಆಮೇಲೆ ಒಂದೇ ಮಾತಿನಲ್ಲಿ ಉತ್ತರಿಸಬಹುದಾದ, ಓದಿಗೆ ಸಂಬಂಧವಿಲ್ಲದ ಒಂದು ಪ್ರಶ್ನೆ. ನಮ್ಮ ಭಾಷೆಯಲ್ಲಿ ಅದು ಸಿದ್ಧವಾಗಿಯೇ ಇದೆ: ‘ಊಟ ಆಯ್ತಾ?’ ನಮ್ಮಲ್ಲಿ ಇದು ಕ್ಷೇಮ ವಿಚಾರಿಸುವ ರೀತಿ, ಯಾರೂ ಇದಕ್ಕೆ ಮಾರ್ಕು ಹಾಕುವುದಿಲ್ಲ. ಆದರೂ ಪರೀಕ್ಷೆಯ ಹೊತ್ತಿನಲ್ಲಿ ಇದರ ಉತ್ತರದಿಂದ ಬಹಳ ತಿಳಿಯುತ್ತದೆ. ರಾತ್ರಿ ಹನ್ನೊಂದಕ್ಕೆ ‘ಇನ್ನೂ ಇಲ್ಲ’ ಎಂದರೆ ಆ ಮಗುವಿಗೆ ಆಗ ಬೇಕಾದದ್ದು ಗಣಿತವಲ್ಲ, ಸಾರು ಅನ್ನ.

ಮೊನ್ನೆ ಡೊಂಬಿವಲಿಯ ಒಬ್ಬ ಹುಡುಗಿಯ ಜೊತೆ ನಡೆದ ಮಾತು ಹೇಳುತ್ತೇನೆ. ಮಹಾರಾಷ್ಟ್ರ ಬೋರ್ಡಿನ ಹತ್ತನೇ ಕ್ಲಾಸು. ಇಲ್ಲಿ ಗಣಿತಕ್ಕೆ ಎರಡು ಪೇಪರು, ಅಲ್ಜೀಬ್ರಾ ಒಂದು, ಜಾಮೆಟ್ರಿ ಇನ್ನೊಂದು. ತಲಾ 40 ಅಂಕ, ಎರಡು ಗಂಟೆ. ನಾಡಿದ್ದು ಅಲ್ಜೀಬ್ರಾ.

‘ಹಲೋ ಆಂಟಿ.’

‘ಹಲೋ ಪುಟ್ಟಾ. ಊಟ ಆಯ್ತಾ?’

‘ಆಯ್ತು.’

‘ಏನು ಸಾರು?’

‘ಹುರುಳಿ. ಅಮ್ಮ ಊರಿಂದ ತರಿಸಿದ್ದು.’

ಇಲ್ಲಿ ನಾನು ಎರಡು ನಿಮಿಷ ಸುಮ್ಮನಿದ್ದೆ. ಕಾಯುವುದೂ ಉತ್ತರದ ಭಾಗವೇ. ನಾವು ಸಾಲುಸಾಲಾಗಿ ಟೈಪು ಮಾಡುತ್ತಾ ಹೋದರೆ ಅವರಿಗೆ ಹೇಳಲಿಕ್ಕೆ ಜಾಗ ಉಳಿಯುವುದಿಲ್ಲ. ಅವಳೇ ಬರೆದಳು: ‘ಎಲ್ಲಾ ಮರೆತು ಹೋಗಿದೆ ಆಂಟಿ.’

‘ಹಾಗೆಲ್ಲ ಆಗಲ್ಲ, ನೀನು ಜಾಣೆ’ ಎಂದು ಹೇಳಬಹುದಿತ್ತು. ಆದರೆ ಮರೆತಿದೆ ಎಂದು ಹೇಳುತ್ತಿರುವವಳ ಮಾತನ್ನು ಸುಳ್ಳು ಮಾಡಿದಂತಾಗುತ್ತದೆ ಅದು. ‘ಬೆಳಿಗ್ಗೆಯಿಂದ ಕೂತಿದ್ದೀಯಲ್ಲ, ತಲೆ ಭಾರ ಆಗಿರುತ್ತೆ. ಸ್ವಲ್ಪ ಹೊತ್ತು ಸುಮ್ಮನೆ ಮಾತಾಡೋಣವಾ, ಇಲ್ಲ ಒಂದೇ ಒಂದು ಲೆಕ್ಕ ನೋಡೋಣವಾ?’ ಎಂದು ಕೇಳಿದೆ. ಎರಡರಲ್ಲಿ ಯಾವುದಾದರೂ ಸರಿ, ಆರಿಸುವುದು ಅವಳ ಕೆಲಸ. ಅವಳು ಲೆಕ್ಕ ಎಂದಳು, ಫೋಟೋ ಕಳಿಸಿದಳು.

ಎರಡು ಸಮೀಕರಣ, ಕ್ರೇಮರ್ ರೂಲಿನಿಂದ ಬಿಡಿಸಬೇಕು:

2x − 3y = 13
3x + 4y = −6

ಅವಳು D ತೆಗೆದದ್ದು ಹೀಗೆ: 8 − 9 = −1. ಅದರ ಕೆಳಗೆ Dx = 34, Dy = −51. ಹಾಗಾಗಿ x = −34, y = 51. ಹಿಂದಿನ ಪುಟದಲ್ಲಿ ಇದೇ ಬಗೆಯ ನಾಲ್ಕು ಲೆಕ್ಕ ತಪ್ಪಾಗಿದ್ದವಂತೆ.

ಈ ಪುಟವನ್ನು ಸ್ವಲ್ಪ ನಿಧಾನವಾಗಿ ನೋಡಿದರೆ ಒಂದು ವಿಷಯ ಕಾಣುತ್ತದೆ. Dx ಬರೆಯುವಾಗ x ಇರುವ ಕಾಲಮ್ಮಿನಲ್ಲಿ 13 ಮತ್ತು −6 ಇಟ್ಟಿದ್ದಾಳೆ, ಸರಿ. Dy ಬರೆಯುವಾಗ y ಕಾಲಮ್ಮಿನಲ್ಲಿ ಇಟ್ಟಿದ್ದಾಳೆ, ಅದೂ ಸರಿ. ವಿಧಾನ ಅವಳಿಗೆ ಪೂರ್ತಿ ಗೊತ್ತು. ತಪ್ಪಿದ್ದು ಒಂದೇ ಕಡೆ: 2 × 4 ರಿಂದ (−3) × 3 ಕಳೆಯುವಾಗ ಎರಡು ಮೈನಸ್ ಸೇರಿ ಪ್ಲಸ್ ಆಗಬೇಕಿತ್ತು. 8 + 9 = 17. ಒಂದು ಮೈನಸ್ ಅನ್ನು ಕಣ್ಣು ನುಂಗಿಬಿಟ್ಟಿದೆ. ಇದು ದಣಿವಿನ ತಪ್ಪು. ಬದಲಿಗೆ ಅವಳು 13 ಮತ್ತು −6 ಅನ್ನು ತಪ್ಪು ಕಾಲಮ್ಮಿನಲ್ಲಿ ಇಟ್ಟಿದ್ದರೆ ಅದು ತಿಳಿಯದ ತಪ್ಪು, ಅದನ್ನು ಕೂತು ಮತ್ತೆ ಹೇಳಿಕೊಡಬೇಕು. ಅದೂ ರಾತ್ರಿ ಹನ್ನೊಂದಕ್ಕಲ್ಲ, ಮರುದಿನ ಬೆಳಿಗ್ಗೆ. ಹೇಳಿಕೊಡಲು ಹೊರಟವರು ಮೊದಲು ಮಾಡಬೇಕಾದದ್ದು ಈ ಎರಡನ್ನು ಬೇರೆ ಮಾಡಿ ನೋಡುವುದು. ದಣಿದ ಮಗುವಿಗೆ ಇಡೀ ಪಾಠ ಮತ್ತೆ ಶುರುಮಾಡಿದರೆ, ತನಗೆ ಗೊತ್ತಿದ್ದದ್ದೂ ಗೊತ್ತಿಲ್ಲ ಎಂದು ಅದು ನಂಬಿಬಿಡುತ್ತದೆ.

‘ತಪ್ಪು’ ಎಂದು ನಾನು ಬರೆಯಲಿಲ್ಲ. ‘ಬಂದ x, y ಎರಡನ್ನೂ ಮೊದಲ ಸಾಲಿಗೆ ಹಾಕಿ ನೋಡು’ ಎಂದೆ. 2 × (−34) ಅಂದರೆ −68, ಅದರಿಂದ 153 ಕಳೆದರೆ −221. ಬರಬೇಕಾದದ್ದು 13. ಒಂದು ನಿಮಿಷ ಕಳೆದು ಅವಳೇ ಬರೆದಳು: ‘ಅಯ್ಯೋ, ಮೈನಸ್ ಮೈನಸ್!’ ಆಮೇಲೆ 34 ಅನ್ನು 17 ರಿಂದ ಭಾಗಿಸಿ x = 2, −51 ಅನ್ನು 17 ರಿಂದ ಭಾಗಿಸಿ y = −3 ತಂದಳು. ಮತ್ತೆ ಹಾಕಿ ನೋಡಿದಳು, 4 + 9 = 13. ಪರೀಕ್ಷೆಯಲ್ಲೂ ಈ ತಾಳೆ ನೋಡುವುದಕ್ಕೆ ಅರ್ಧ ನಿಮಿಷ ಸಾಕು, ಯಾರೂ ಪಕ್ಕದಲ್ಲಿ ಇರಬೇಕಾಗಿಲ್ಲ.

ಭಾಷೆಯ ಬಗ್ಗೆ ಇಲ್ಲೇ ಒಂದು ಮಾತು. ನಮ್ಮ ಮಕ್ಕಳು ಓದುವುದು ಇಂಗ್ಲಿಷ್ ಅಥವಾ ಮರಾಠಿ ಮಾಧ್ಯಮದಲ್ಲಿ. ಸುಸ್ತಾದಾಗ ಮಾತಾಡುವುದು ಮನೆಯ ಕನ್ನಡದಲ್ಲಿ, ಇಲ್ಲ ತುಳುವಿನಲ್ಲಿ. ಹಾಗಾಗಿ ಸಮಾಧಾನದ ಮಾತು ಕನ್ನಡದಲ್ಲಿರಲಿ, ಲೆಕ್ಕದ ಪದಗಳು ಶಾಲೆಯಲ್ಲಿ ಹೇಗಿವೆಯೋ ಹಾಗೇ ಇರಲಿ. ಆ ಹೊತ್ತಿನಲ್ಲಿ ‘ಡಿಟರ್ಮಿನೆಂಟ್’ ಅನ್ನುವುದನ್ನು ‘ನಿರ್ಧಾರಕ’ ಮಾಡಿದರೆ ಕನ್ನಡಾಭಿಮಾನಕ್ಕೆ ಸಂತೋಷವಾಗಬಹುದು, ಹುಡುಗಿಗೆ ಇನ್ನೊಂದು ಹೊಸ ಪದ ಕಲಿಯುವ ಕೆಲಸವಾಗುತ್ತದೆ.

ಲೆಕ್ಕ ಸರಿಹೋದ ಉತ್ಸಾಹದಲ್ಲಿ ‘ಇನ್ನೊಂದು ಕಳಿಸ್ಲಾ ಆಂಟಿ?’ ಎಂದಳು. ಇಲ್ಲಿ ಬೇಡ ಎನ್ನಬೇಕು. ಒಂದೇ ಲೆಕ್ಕ ಎಂದು ಮೊದಲೇ ಹೇಳಿದ್ದು ಅದಕ್ಕೇ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದರಲ್ಲಿ ನಿದ್ದೆಯ ಪಾಲು ದೊಡ್ಡದು. ಜೊತೆಗೆ ನಿದ್ದೆ ಕೆಟ್ಟಾಗ ಮೊದಲು ಜಾರುವುದು ಗಮನ, ಅಂದರೆ ಇದೇ ಮೈನಸ್ ಚಿಹ್ನೆಗಳು. ‘ಪುಸ್ತಕ ಮುಚ್ಚು. ಬೆಳಿಗ್ಗೆ ಎದ್ದು ಈ ಲೆಕ್ಕವನ್ನೇ, ಇವತ್ತು ಬರೆದದ್ದನ್ನು ನೋಡದೆ, ಖಾಲಿ ಹಾಳೆಯಲ್ಲಿ ಮಾಡಿ ಫೋಟೋ ಕಳಿಸು’ ಎಂದೆ. ಓದಿದ್ದನ್ನೇ ಮತ್ತೆ ಮತ್ತೆ ಓದಿದರೆ ಗೊತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ನೋಡದೆ ಬರೆದಾಗಲೇ ಎಷ್ಟು ಉಳಿದಿದೆ ಎಂದು ತಿಳಿಯುವುದು.

ಪ್ರತಿ ಹಲೋ ಹಿಂದೆಯೂ ಗಣಿತ ಇರುವುದಿಲ್ಲ. ಕೆಲವೊಮ್ಮೆ ‘ಊಟ ಆಯ್ತಾ’ಗೆ ಬರುವ ಉತ್ತರ ಬೇರೆಯೇ ಆಗಿರುತ್ತದೆ: ‘ಊಟ ಬೇಡ, ಏನೂ ಬೇಡ, ನಾನಿದ್ದು ಏನು ಪ್ರಯೋಜನ’ ಅಂತ. ಆಗ ಲೆಕ್ಕದ ಮಾತು ಎತ್ತಲೇಬಾರದು. ಮೆಸೇಜು ಬಿಟ್ಟು ಫೋನು ಮಾಡಿ ದನಿ ಕೇಳಬೇಕು. ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿಯೇ ಕೇಳಬೇಕು. ಕೇಳಿದರೆ ಆ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬ ಹೆದರಿಕೆ ಬೇಡ. ಮನೆಯ ದೊಡ್ಡವರೊಬ್ಬರನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸುವವರೆಗೆ ಫೋನು ಇಡಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ನಂಬರನ್ನು ಫೋನಿನಲ್ಲಿ ಉಳಿಸಿಕೊಂಡಿರಿ.

ಡೊಂಬಿವಲಿಯ ಹುಡುಗಿ ಮರುದಿನ ಏಳೂಕಾಲಕ್ಕೆ ಫೋಟೋ ಕಳಿಸಿದಳು. D = 17 ಎಂದು ಬರೆದು ಅದರ ಸುತ್ತ ಕೆಂಪು ಪೆನ್ನಿನಲ್ಲಿ ಒಂದು ವೃತ್ತ ಹಾಕಿದ್ದಳು. ಕೆಳಗೆ, ‘ಆಂಟಿ, ತಿಂಡಿ ಆಯ್ತಾ?’