ಮೊದಲ ಭೇಟಿ ಬೆಟ್ಟದ ಮೇಲೆ ಬೇಡ

ಶ್ರೀನಿವಾಸಪುರದ ಹುಡುಗಿ, ಮಾಲೂರಿನ ಹುಡುಗ ಇನ್‌ಸ್ಟಾಗ್ರಾಂನಲ್ಲಿ ಪರಿಚಯವಾಗಿದ್ದಾರೆ ಎಂದುಕೊಳ್ಳಿ. ಇಬ್ಬರಿಗೂ ಇಪ್ಪತ್ತು ದಾಟಿದೆ. ಎರಡು ತಿಂಗಳಿಂದ ದಿನಾ ಮಾತು. ನರಸಾಪುರದ ಕಾರ್ಖಾನೆಯಲ್ಲಿ ಕೆಲಸ ಎಂದಿದ್ದಾನೆ. ಈಗ "ಭಾನುವಾರ ಕೋಲಾರಕ್ಕೆ ಬಾ, ಅಂತರಗಂಗೆ ಬೆಟ್ಟಕ್ಕೆ ಹೋಗೋಣ" ಅನ್ನುತ್ತಿದ್ದಾನೆ. ಹೋಗಬಹುದಾ?

ಎಷ್ಟು ದಿನ ಮಾತಾಡಿದ್ದೀರಿ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಸುಳ್ಳು ಹೇಳುವವನು ಆರು ತಿಂಗಳೂ ಹೇಳಬಲ್ಲ. ಮೊದಲು ವಿಡಿಯೋ ಕಾಲ್ ಆಗಬೇಕು. ಒಂದಲ್ಲ, ಬೇರೆ ಬೇರೆ ಹೊತ್ತಿನಲ್ಲಿ ಎರಡು ಮೂರು ಸಲ. ಪ್ರತಿ ಸಲವೂ ಕ್ಯಾಮೆರಾ ಕೆಟ್ಟಿದೆ, ನೆಟ್‌ವರ್ಕ್ ಇಲ್ಲ ಅಂದರೆ ಫೋಟೋದಲ್ಲಿರುವ ಮುಖ ಅವನದಲ್ಲ ಎಂದೇ ತಿಳಿಯಿರಿ.

ಆಮೇಲೆ ಹೇಳಿದ ಮಾತು ನೆಲಕ್ಕೆ ತಾಳೆಯಾಗುತ್ತದೆಯೇ ನೋಡಿ. ಈ ವಿಷಯದಲ್ಲಿ ನಮ್ಮ ಜಿಲ್ಲೆ ಚಿಕ್ಕದಾಗಿರುವುದೇ ಅನುಕೂಲ. ನರಸಾಪುರಕ್ಕೆ ಕೆಲಸಕ್ಕೆ ಹೋಗುವವರು ನಿಮ್ಮ ಊರಲ್ಲೋ ಪಕ್ಕದ ಊರಲ್ಲೋ ಸಿಗುತ್ತಾರೆ. ಶಿಫ್ಟ್ ಎಷ್ಟಕ್ಕೆ, ಕಂಪನಿ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಅವನನ್ನು ಮಾತಿನ ನಡುವೆ ಕೇಳಿ, ಅವರನ್ನೂ ಕೇಳಿ. ಎರಡೂ ಉತ್ತರ ಕೂಡದಿದ್ದರೆ ನಿಲ್ಲಿಸಿ. ಭೇಟಿಗೆ ಮೊದಲೇ ದುಡ್ಡು ಕೇಳಿದರೆ, ಅದು ಐನೂರೇ ಆಗಲಿ, ಅಲ್ಲಿಗೆ ಮಾತು ಮುಗಿಯಿತು. ಕೊಟ್ಟುಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಇದೆಲ್ಲ ಸರಿಹೋದರೆ ಭೇಟಿಯನ್ನು ತಿಂಗಳುಗಟ್ಟಲೆ ಮುಂದೂಡುವುದೂ ಬೇಡ. ಎದುರು ಕೂರದೆ ಮಾತು ಬೆಳೆದಷ್ಟೂ ಮನಸ್ಸು ತನ್ನದೇ ಒಬ್ಬ ಹುಡುಗನನ್ನು ಕಟ್ಟಿಕೊಳ್ಳುತ್ತದೆ. ಆಮೇಲೆ ಬೇಡ ಅನ್ನುವುದು ಕಷ್ಟ.

ಆದರೆ ಅಂತರಗಂಗೆ ಬೇಡ. ಯಾರಾದರೂ ನೋಡಿ ಮನೆಗೆ ಹೇಳಿಯಾರು ಎಂಬ ಭಯಕ್ಕೆ ನಮ್ಮ ಮುಳಬಾಗಿಲು, ಮಾಲೂರು ಕಡೆಯ ಹುಡುಗ ಹುಡುಗಿಯರು ಜನವಿಲ್ಲದ ಜಾಗ ಹುಡುಕುತ್ತಾರೆ. ಭಯ ಸುಳ್ಳಲ್ಲ. ಆದರೂ ಮೊದಲ ದಿನ ಆ ನಾಲ್ಕು ಜನರ ಕಣ್ಣೇ ಕಾವಲು. ಕೋಲಾರ ಇಬ್ಬರಿಗೂ ನಡುವಿನ ಊರು. ಬೆಳಿಗ್ಗೆ ಹನ್ನೊಂದಕ್ಕೆ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲೋ ಕೋಲಾರಮ್ಮನ ಗುಡಿಯಲ್ಲೋ ಒಂದು ಗಂಟೆ ಸಾಕು. ಗೆಳತಿಯೊಬ್ಬಳು ಜೊತೆಗಿದ್ದು ದೂರದ ಟೇಬಲಿನಲ್ಲಿ ಕೂರಲಿ. ಆಗದಿದ್ದರೆ ಅವನ ಹೆಸರು, ನಂಬರು, ನೀವು ವಾಪಸ್ ಬರುವ ಹೊತ್ತು ಅವಳಿಗೆ ಗೊತ್ತಿರಲಿ. ಅವನ ಬೈಕ್ ಹತ್ತಬೇಡಿ, ನಿಮ್ಮ ಬಸ್ಸಿನಲ್ಲೇ ಬನ್ನಿ. ಹೆದರಿಕೆಯಾದರೆ 112.

ಹದಿನೆಂಟು ತುಂಬದವರು ಒಬ್ಬರೇ ಹೋಗಲೇಬಾರದು. ಮನೆಯಲ್ಲಿ ಹೇಳಲಾಗದಿದ್ದರೆ 1098ಕ್ಕೆ ಹೇಳಿ.

ಜಾಗ ಬದಲಿಸೋಣ ಅಂದಾಗ ಅವನು ಏನಂದ ಎಂಬುದನ್ನು ಗಮನಿಸಿ. "ಆಯ್ತು, ಹೋಟೆಲೇ ಇರಲಿ" ಅಂದರೆ ಹೋಗಿ ಬನ್ನಿ. "ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ಮುನಿಸಿಕೊಂಡರೆ, ಭಾನುವಾರ ಮನೆಯಲ್ಲೇ ಇರಿ.